ಜಾಡಿಯ ಬಳೆ

ಹೊಸಮ್ಮ ಜಾಡಿಯ ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ತಾನು ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡಳು.

"ಏನು ವಾಸನೆ, ಹೇಳಿ."

"ಕಿತ್ತಳೆ."

"ಆಮೇಲೆ?"

ಇನ್ನೊಮ್ಮೆ ಮೂಸಿದೆ. ವೋಡ್ಕಾದಲ್ಲಿ ನೆನೆಹಾಕಿದ ಕಿತ್ತಳೆ ಸಿಪ್ಪೆ. ಒಳಗಿನ ಬಿಳಿ ಪೊರೆ ಒಂದಿಷ್ಟೂ ಅಂಟದ ಹಾಗೆ ತೆಳುವಾಗಿ ಹೆರೆದಿದ್ದಳು. ಆ ಪೊರೆ ಉಳಿದರೆ ಕಹಿ ಬಿಡುತ್ತದೆ. ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಕಿತ್ತಳೆಯ ಹಿಂದೆ, ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತವರ ಹಾಗೆ, ಇನ್ನೊಂದು ವಾಸನೆ ಇತ್ತು.

"ಲವಂಗ ಹಾಕಿದ್ದೀಯಾ?"

"ಈ ಮನೆಗೆ ಬಂದ ಮೇಲೆ ನಾನು ಲವಂಗ ಮುಟ್ಟಿಲ್ಲ ಅಕ್ಕಾ," ಅಂದಳು. "ಡಬ್ಬಿ ಎಲ್ಲಿದೆ ಅಂತಲೂ ನೋಡಿಲ್ಲ. ಶುಂಠಿ ಹಾಕಿದ್ರೂ ಲವಂಗ ಬರುತ್ತೆ, ದಾಲ್ಚಿನ್ನಿ ಹಾಕಿದ್ರೂ ಲವಂಗ ಬರುತ್ತೆ. ಕೆಳಗಡೆ ಎಲ್ಲ ಏನು ಹೇಳ್ತಾರೆ ಗೊತ್ತಾ? ದೊಡ್ಡಮ್ಮ ಇನ್ನೂ ಅಡುಗೆಮನೆ ಬಿಟ್ಟಿಲ್ಲ ಅಂತ."

ದೊಡ್ಡಮ್ಮ ಅಂದರೆ ನನ್ನ ಅಕ್ಕ. ಭಾವನ ಬಾರಿಗೆ ಬರುವವರು ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಅವಳು ತೀರಿಕೊಂಡು, ಭಾವ ಮತ್ತೆ ಮದುವೆಯಾದಾಗ, ಬಂದವಳು ತಾನಾಗಿ ಹೊಸಮ್ಮ ಆದಳು. ಬಾರು ಕೆಳಗೆ, ಮನೆ ಮೇಲೆ. ನಾಲ್ಕಾರು ಮೇಜುಗಳ ಚಿಕ್ಕ ಜಾಗ. ಬರುವವರು ಹೆಚ್ಚಿನಂಶ ಬರುತ್ತಿದ್ದದ್ದೇ ಅಕ್ಕ ಮೇಲಿನ ಅಡುಗೆಮನೆಯಲ್ಲಿ ನೆನೆಹಾಕಿ ಇಳಿಸುತ್ತಿದ್ದ ಬಾಟಲಿಗಳಿಗಾಗಿ: ಚಹಾ ಜಿನ್ನು, ಪ್ಲಮ್ ರಮ್ಮು, ಎಲ್ಲಕ್ಕಿಂತ ಮುಂಚೆ ಖಾಲಿಯಾಗುತ್ತಿದ್ದ ಲವಂಗದ ಕಿತ್ತಳೆ.

ಹೊಸಮ್ಮ ಮೊದಲು ಬಟ್ಟೆ ಹೊಲಿಯುತ್ತಿದ್ದವಳು. ಅಚ್ಚುಕಟ್ಟು ಅವಳ ಕೈಯಲ್ಲೇ ಇತ್ತು. ಬಾಟಲಿಗಳ ಕೆಲಸವನ್ನು ಭಾವ ಅವಳ ಮೇಲೆ ಹೇರಿರಲಿಲ್ಲ, ಅವಳೇ ಕೈಗೆತ್ತಿಕೊಂಡಿದ್ದಳು. ಅವಳಿಗೆ ಆ ಮನೆಯಲ್ಲಿ ತನ್ನದು ಅನ್ನುವ ಒಂದು ಕೆಲಸ ಬೇಕಿತ್ತು.

"ಇವರಾದ್ರೂ ಏನಾದ್ರೂ ಅಂದ್ರೆ ಜಗಳ ಆಡಬಹುದು," ಅಂದಳು. "ಏನೂ ಅನ್ನಲ್ಲ. ಬಾಟಲಿ ತೆಗೀತಾರೆ, ಮೂಸ್ತಾರೆ, ಕಣ್ಣು ಮುಚ್ಕೊಂಡು ನಿಂತ್ಕೋತಾರೆ. ನಾನು ಮಾಡಿದ್ದನ್ನ ಹಿಡ್ಕೊಂಡು ಅವರನ್ನ ನೆನೀತಾರೆ. ನಾನು ಅಣ್ಣನ ಮನೆಗೆ ಹೋಗ್ತೀನಿ ಅಕ್ಕಾ. ಇದ್ದವರ ಜೊತೆ ಏಗಬಹುದು. ಇಲ್ಲದವರ ಜೊತೆ ಹೇಗೆ?"

ಅವಳು ನನ್ನನ್ನು ಕರೆಸಿದ್ದಕ್ಕೆ ಕಾರಣ ಇತ್ತು. ನಾನು ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಾವ ಕ್ಯಾನಿನಲ್ಲಿ ಏನು ವಾಸನೆ ಸೇರಿದೆ, ಎಲ್ಲಿಂದ ಸೇರಿದೆ ಅಂತ ಪತ್ತೆಮಾಡುವುದು ನನ್ನ ದಿನದ ಪಾಡು. ಆದರೂ ಸತ್ತವಳ ತಂಗಿಯನ್ನೇ ಕರೆಸುವುದಕ್ಕೆ ಗುಂಡಿಗೆ ಬೇಕು.

ಆ ಅಡುಗೆಮನೆಗೆ ನಾನು ಬಹಳ ದಿನದಿಂದ ಕಾಲಿಟ್ಟಿರಲಿಲ್ಲ. ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಎದುರಾಗಿರುವುದರಿಂದ ಹಗಲಲ್ಲೂ ಅರೆಬೆಳಕು. ಅಕ್ಕನಿಗೆ ಅದೇ ಅನುಕೂಲವಾಗಿತ್ತು. ಬಿಸಿಲು ಬಿದ್ದರೆ ಹಣ್ಣಿನ ಬಣ್ಣ ಕಂದುತ್ತದೆ, ಸಿಪ್ಪೆಯ ಪರಿಮಳ ಹಳಸುತ್ತದೆ. ಕಪಾಟಿನ ಕೆಳಹಲಗೆಯಲ್ಲಿ ಜಾಡಿಗಳು ಸಾಲಾಗಿ ಕೂತಿದ್ದವು. ದಪ್ಪ ಗಾಜು, ತಂತಿ ಕೊಂಡಿ, ಮುಚ್ಚಳಕ್ಕೂ ಬಾಯಿಗೂ ನಡುವೆ ಗಾಳಿಯಾಡದಂತೆ ಕೂರುವ ಕೆಂಪು ರಬ್ಬರಿನ ಉಂಗುರ. ಅಕ್ಕ ಅದಕ್ಕೆ ಬಳೆ ಅನ್ನುತ್ತಿದ್ದಳು. "ಬಳೆ ಹಾಕಿದ್ದೀಯಾ ನೋಡು," ಅಂತ ನನ್ನನ್ನು ಕೂಗುತ್ತಿದ್ದಳು, ನಾನು ರಜಕ್ಕೆ ಹೋಗಿ ಅವಳ ಕೈಕೆಳಗೆ ದುಡಿಯುತ್ತಿದ್ದಾಗ. ಬಳೆ ಎಂಬ ಮಾತು ಭಾವನಿಗೂ ಅಂಟಿತ್ತು, ಅವನಿಂದ ಹೊಸಮ್ಮನಿಗೂ.

ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಾಗ ನನ್ನ ಬೆನ್ನಿಗೆ ಯಾರೋ ಬಾಗಿ ನೋಡುತ್ತಿರುವ ಹಾಗನ್ನಿಸಿತು. ತಿರುಗಿದೆ. ಹೊಸಮ್ಮ ದೂರದಲ್ಲಿ ಒಲೆಯ ಬಳಿ ನಿಂತಿದ್ದಳು.

"ಇಲ್ಲಿಗೆ ಬಂದಾಗ ಜಾಡಿ ಎಲ್ಲ ತೊಳೆದೆಯಾ?"

"ತೊಳೀದೆ ಬಿಡ್ತೀನಾ? ಒಂದೊಂದೂ ಬಿಸಿನೀರಲ್ಲಿ ತಿಕ್ಕಿದೀನಿ. ಬಳೆಗಳನ್ನೆಲ್ಲ ಬಿಚ್ಚಿ, ದೊಡ್ಡ ಪಾತ್ರೇಲಿ ಹಾಕಿ ಕುದಿಸಿದೀನಿ."

"ಎಲ್ಲಾ ಬಳೆ ಒಟ್ಟಿಗೆ?"

"ಮತ್ತೇನು, ಒಂದೊಂದಕ್ಕೂ ಒಂದೊಂದು ಒಲೆ ಹಚ್ಚಲಾ?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಅಕ್ಕ ಲವಂಗಕ್ಕೆ ಅಂತ ಒಂದೇ ಜಾಡಿ ಮೀಸಲಿಟ್ಟಿದ್ದಳು. ವರ್ಷಗಟ್ಟಲೆ ಅದರ ಬಳೆ ಲವಂಗದ ಎಣ್ಣೆ ಕುಡಿದು ಕುಡಿದು ಊದಿಕೊಂಡಿತ್ತು. ಆ ಎಣ್ಣೆ ನೀರಿಗೆ ಸುಲಭಕ್ಕೆ ಬಿಡುವುದಿಲ್ಲ, ರಬ್ಬರಿಗೆ ಅಂಟಿಕೊಳ್ಳುತ್ತದೆ. ಸ್ಪಿರಿಟ್ಟು ಸಿಕ್ಕರೆ ಮಾತ್ರ ಸಲೀಸಾಗಿ ಇಳಿಯುತ್ತದೆ. ಹೊಸಮ್ಮ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದಾಗ ಆ ಒಂದು ಬಳೆ ಬಿಟ್ಟದ್ದನ್ನು ಉಳಿದವು ಹಂಚಿಕೊಂಡಿದ್ದವು. ಅಕ್ಕನ ವಾಸನೆ ತೊಳೆದುಹಾಕಬೇಕು ಅಂತ ತಿಕ್ಕಿದವಳೇ ಅದನ್ನು ಎಲ್ಲ ಜಾಡಿಗೂ ಬಡಿಸಿದ್ದಳು.

ಇದು ನನ್ನ ಊಹೆ ಅಷ್ಟೇ. ಊಹೆಯನ್ನು ಪರೀಕ್ಷಿಸದೆ ಯಾರ ಮುಂದೆಯೂ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಒಂದೇ ಥರದ ಎರಡು ಲೋಟ ತೆಗೆದುಕೊಂಡೆ. ಎರಡಕ್ಕೂ ಬರಿಯ ವೋಡ್ಕಾ ಸುರಿದು, ಒಂದಕ್ಕೆ ಬಳೆಯ ತುಂಡು ಹಾಕಿ, ಎರಡನ್ನೂ ತಟ್ಟೆಯಿಂದ ಮುಚ್ಚಿಟ್ಟೆ. ಮಾರನೆಯ ದಿನ ಬಳೆಯ ತುಂಡನ್ನು ತೆಗೆದುಹಾಕಿ, ಬಾರು ತೆರೆಯುವ ಮುಂಚೆ ಎರಡೂ ಲೋಟ ಕೆಳಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆಯುವುದಕ್ಕೂ ಮೊದಲೇ ಬಂದು ಕೂರುವ ಗಿರಾಕಿ ಒಬ್ಬರಿದ್ದರು, ನಿವೃತ್ತ ಮೇಷ್ಟ್ರು. ಅವರಿಗೆ ಏನೂ ಹೇಳದೆ ಲೋಟಗಳನ್ನು ಮುಂದಿಟ್ಟೆ.

ಮೇಷ್ಟ್ರು ಮೊದಲನೆಯದನ್ನು ಮೂಸಿದರು. "ಇದು ಆಸ್ಪತ್ರೆ." ಎರಡನೆಯದನ್ನು ಮೂಸಿ ಕನ್ನಡಕ ತೆಗೆದರು. "ಇದು ದೊಡ್ಡಮ್ಮ. ಎಲ್ಲಿತ್ತಮ್ಮ ಈ ಬಾಟ್ಲಿ? ಬಚ್ಚಿಟ್ಟುಕೊಂಡಿದ್ದಿರಾ?"

"ಬಾಟಲಿ ಅಲ್ಲ ಮೇಷ್ಟ್ರೇ, ರಬ್ಬರು."

"ರಬ್ಬರು ಕುಡಿಸ್ತೀರಾ ನನಗೆ? ನಾನು ನಿಮಗೇನು ಮಾಡಿದೆ ತಾಯಿ?"

ಹೊಸಮ್ಮ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದವಳು ಮೊದಲ ಸಲ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು.

ಭಾವ ಗ್ಲಾಸು ಒರೆಸುತ್ತಿದ್ದ. ನಾನು ವಿವರಿಸಿದ್ದೆಲ್ಲ ಕೇಳಿಸಿಕೊಂಡ. ಆಮೇಲೆ ಮೇಷ್ಟ್ರ ಮುಂದಿದ್ದ ಎರಡನೆಯ ಲೋಟ ಎತ್ತಿ ಮೂಸಿದ, ಅದನ್ನು ಹಾಗೇ ಹಿಡಿದುಕೊಂಡು ನಿಂತ.

"ಹಾಗಾದ್ರೆ ಹಳೇ ಬಳೆ ಎಲ್ಲಾ ಎಸೀಬೇಕು?"

"ಹೂಂ ಭಾವ. ಕುದಿಸಿದ್ರೂ ಹೋಗಲ್ಲ, ಹೊಸದೇ ಹಾಕಬೇಕು."

"ಸರಿ," ಅಂದ.

ಹೊಸ ಬಳೆ ತಂದು ನಾನೇ ಹಾಕಿದೆ. ಜಾಡಿಗಳ ಗಾಜನ್ನು ಸ್ಪಿರಿಟ್ಟಿನಿಂದ ಕುಲುಕಿ ತೊಳೆದು ಒಣಗಿಸಿದೆವು. ಚಹಾ ಜಿನ್ನು ಬೇಗ ಆಗುತ್ತದೆ ಅಂತ ಅದನ್ನೇ ಮೊದಲು ಮಾಡಿದೆವು. ಕಪ್ಪು ಚಹಾ ಎಲೆಯನ್ನು ತಣ್ಣನೆಯ ಜಿನ್ನಿಗೆ ಹಾಕಿ, ಆಗಾಗ ಒಂದು ಹನಿ ನಾಲಿಗೆಗೆ ಹಚ್ಚಿ ನೋಡುತ್ತ ಕೂತೆವು. ಚಹಾದ ವಿಷಯದಲ್ಲಿ ಮರೆತು ಮಲಗಿದರೆ ಕೆಟ್ಟಿತು. ಕೆಲವೇ ತಾಸಿನಲ್ಲಿ ಬಣ್ಣ, ಪರಿಮಳ ಎರಡೂ ಇಳಿದುಬಿಡುತ್ತವೆ. ಆಮೇಲೆ ಇಳಿಯುವುದು ಒಗರು ಮಾತ್ರ, ನಾಲಿಗೆ ಮರಗಟ್ಟಿದ ಹಾಗೆ ಒಣಗುತ್ತದೆ. "ಈಗ," ಅಂದಳು ಹೊಸಮ್ಮ. ನಾನು ಹೇಳುವ ಮುಂಚೆಯೇ ಅಂದಳು. ಸರಿಯಾದ ಗಳಿಗೆ ಅದೇ ಆಗಿತ್ತು. ಸೋಸಿ, ಇಬ್ಬರೂ ಮೂಸಿದೆವು. ಚಹಾ, ಜಿನ್ನು. ಬೇರೆ ಯಾರೂ ಇಲ್ಲ.

"ಹೋದ್ರು," ಅಂದಳು ಪಿಸುದನಿಯಲ್ಲಿ. ಅಂದ ಮೇಲೆ ನನ್ನ ಮುಖ ನೋಡಿ, "ತಪ್ಪು ತಿಳ್ಕೋಬೇಡಿ ಅಕ್ಕಾ," ಅಂದಳು.

ತಪ್ಪೇನೂ ತಿಳಿದುಕೊಳ್ಳಲಿಲ್ಲ. ಆದರೆ ಹಳೆಯ ಬಳೆಗಳನ್ನು ಕಸದ ಬುಟ್ಟಿಗೆ ಸುರಿದಾಗ ಒಂದು ಅಲೆ ಎದ್ದು ಮೂಗಿಗೆ ಬಡಿದಿತ್ತು. ಅದು ಅಕ್ಕನ ಕೈ, ಅಕ್ಕನ ಕತ್ತು, ಒದ್ದೆ ಸೀರೆಯ ಅಂಚು. ಬುಟ್ಟಿಯ ಮುಚ್ಚಳ ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಇದು ಎಣ್ಣೆ, ಇದು ರಬ್ಬರು ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ನಿಜವೂ ಹೌದು.

ಆಮೇಲೆ ಒಂದಷ್ಟು ದಿನ ಸಮಾಚಾರ ಇರಲಿಲ್ಲ. ಹೊಸಮ್ಮ ಪ್ಲಮ್ ರಮ್ಮಿಗೆ ಕೈಹಾಕಿದ್ದಾಳೆ, ಅದನ್ನು ಹಂಗಾಮಿನ ಮೊದಲ ಬಾಟಲಿ ಅಂತ ಬಾರಿನಲ್ಲಿ ತನ್ನ ಹೆಸರಲ್ಲೇ ಇಡುತ್ತಾಳಂತೆ ಅನ್ನುವುದು ಕಿವಿಗೆ ಬಿತ್ತು. ಖುಷಿಯಾಯಿತು. ಹಣ್ಣಿನ ಕೆಲಸಕ್ಕೆ ತಾಳ್ಮೆ ಬೇಕು, ವಾರಗಟ್ಟಲೆ ಕಾಯಬೇಕು.

ಆಮೇಲೆ ಫೋನು ಬಂತು.

"ಬಳೆ ಹೊಸದು," ಅಂದಳು, ಹಲೋ ಕೂಡ ಇಲ್ಲದೆ. "ಜಾಡಿ ನೀವೇ ತೊಳೆದದ್ದು, ರಮ್ಮು ಹೊಸ ಬಾಟಲೀದು. ಈಗ ಏನು ಹೇಳ್ತೀರಿ?"

"ಏನಾಯ್ತು?"

"ಬನ್ನಿ. ಬಂದು ಮೂಸಿ. ಆಮೇಲೆ ನಾನು ಹೊರಡ್ತೀನಿ. ಬಟ್ಟೆ ಕಟ್ಟಿಟ್ಟಾಗಿದೆ."

ನಾನು ಹೋದಾಗ ಮಧ್ಯಾಹ್ನ. ಕೆಳಗೆ ಬಾರಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಭಾವ ಕುರ್ಚಿಗಳನ್ನು ಮೇಜಿನಿಂದ ಇಳಿಸುತ್ತಿದ್ದ ಸದ್ದು. ನನ್ನನ್ನು ಕಂಡು ಬಾ ಅಂದ, ಮುಖ ಕೊಡಲಿಲ್ಲ. ಮೆಟ್ಟಿಲು ಹತ್ತುವಾಗಲೇ ನನಗೆ ಬಂತು, ಲವಂಗ. ಹಿಂದಿನ ಹಾಗೆ ಬಾಗಿಲ ಮರೆಯಲ್ಲಿ ನಿಂತದ್ದಲ್ಲ, ಎದುರಿಗೇ ಇಳಿದು ಬರುತ್ತಿರುವ ಹಾಗೆ. ಮೆಟ್ಟಿಲ ಮಧ್ಯದಲ್ಲಿ ಗೋಡೆ ಹಿಡಿದು ನಿಂತೆ. ದಾರಿ ಬಿಡಬೇಕೆನ್ನಿಸಿ ಒಂದು ಪಕ್ಕಕ್ಕೆ ಸರಿದೆ. ಸರಿದದ್ದು ಗೊತ್ತಾಗಿ ನಾಚಿಕೆಯಾಯಿತು.

ಅಡುಗೆಮನೆಯ ಮೂಲೆಯಲ್ಲಿ ನಿಜಕ್ಕೂ ಒಂದು ಗಂಟು ಇತ್ತು. ಹೊಸಮ್ಮ ಜಾಡಿಯನ್ನು ಮೇಜಿನ ಮೇಲಿಟ್ಟು, ತೆರೆದು, ದೂರ ನಿಂತಿದ್ದಳು.

ಮೂಸಿದೆ. ಹನಿ ನಾಲಿಗೆಗಿಟ್ಟೆ. ತುದಿ ಜುಮುಗುಟ್ಟಿ ಮರಗಟ್ಟಿತು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಹೊಸ ಬಳೆ ನಾನೇ ಹಾಕಿದ್ದು, ಗಾಜು ನಾನೇ ತೊಳೆದದ್ದು. ಊಹೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಾನು ಹೋದ್ಮೇಲೆ ಇವರು ಅವರ ಜೊತೆನೇ ಇರಲಿ," ಅಂದಳು ಹೊಸಮ್ಮ. "ನನ್ನನ್ನ ಯಾಕೆ ಮಧ್ಯ ಇಟ್ಕೊಂಡಿದ್ದಾರೆ?"

"ಸೋಸೋಣ," ಅಂದೆ.

"ಇದನ್ನಾ? ಚೆಲ್ಲಬೇಕು."

"ಚೆಲ್ಲೋದಿದ್ರೂ ಸೋಸಿ ಚೆಲ್ಲೋಣ."

ಯಾಕೆ ಹಾಗಂದೆನೋ. ಏನು ಮಾಡಬೇಕೆಂದು ತೋಚದಾಗ ಕೈಗೆ ಗೊತ್ತಿರುವ ಕೆಲಸಕ್ಕೆ ಹೋಗುತ್ತೇವೆ. ಮೊದಲು ದೊಡ್ಡ ತೂತಿನ ಜರಡಿ ಹಿಡಿದು ಹಣ್ಣಿನ ಹೋಳುಗಳನ್ನು ತೆಗೆದೆವು. ರಮ್ಮಿನಲ್ಲಿ ಮುಳುಗಿದ್ದ ಹೋಳುಗಳು ಬಣ್ಣವೆಲ್ಲ ಬಿಟ್ಟು ಪೇಲವವಾಗಿದ್ದವು. ಆಮೇಲೆ ಬಟ್ಟೆ. ಹೊಸಮ್ಮ ತಾನೇ ಅಂಚು ಮಡಚಿ ಹೊಲಿದಿದ್ದ, ಮಡಿಯಾದ ತೆಳು ಬಟ್ಟೆ. ಅವಳ ಬೆರಳು ತಾನಾಗಿ ಹಿಂಡುವುದಕ್ಕೆ ಹೋಗಿ ನಿಂತಿತು.

"ಹಿಂಡಬಾರದು ಅಲ್ವಾ," ಅಂದಳು. "ಕದಡುತ್ತೆ."

"ಹೂಂ. ತಾನಾಗೇ ಇಳೀಲಿ."

ಹೊರಡುವುದಕ್ಕೆ ಗಂಟು ಕಟ್ಟಿದವಳು ಚೆಲ್ಲಲಿರುವ ರಮ್ಮು ಕದಡದಂತೆ ಕಾಯುತ್ತಿದ್ದಳು. ಕೊನೆಗೆ ಬಾಟಲಿಯ ಮೇಲೆ ಕಾಫಿ ಸೋಸುವ ಕಾಗದ. ಅದರಲ್ಲಿ ಇಳಿಯುವುದು ಹನಿ ಹನಿ. ಆ ಮಂಕು ಬೆಳಕಿನಲ್ಲಿ ಹನಿ ಬೀಳುವ ಸದ್ದು ಯಾರೋ ಬೆರಳಿನಿಂದ ಗಾಜು ತಟ್ಟಿದ ಹಾಗಿತ್ತು. ಮನೆ ತುಂಬ ಲವಂಗ. ಅಕ್ಕ ಈಗ ಏನಾದರೂ ಹೇಳುತ್ತಾಳೆ ಅಂತ ನನಗೆ ಪೂರ್ತಿ ನಂಬಿಕೆಯಾಗಿತ್ತು. ಏನು ಹೇಳುತ್ತಾಳೆ ಅನ್ನುವುದಷ್ಟೇ ಗೊತ್ತಿರಲಿಲ್ಲ.

ಬಟ್ಟೆಯನ್ನು ಒದರಲು ಎತ್ತಿಕೊಂಡ ಹೊಸಮ್ಮ ಅದನ್ನು ಕಿಟಕಿಗೆ ಹಿಡಿದಳು. ಹೊಲಿಗೆಯವರು ಹಾಗೇ, ಬಟ್ಟೆ ಕೈಗೆ ಬಂದರೆ ಬೆಳಕಿಗೆ ಹಿಡಿದು ನೋಡುತ್ತಾರೆ.

"ಇದೇನಕ್ಕಾ?"

ಹಣ್ಣಿನ ಚೂರುಗಳ ನಡುವೆ ಕಂದು ಬಣ್ಣದ ಒಂದು ಪುಟ್ಟ ಗುಂಡು. ಮೆಣಸಿನ ಕಾಳಿಗಿಂತ ಚಿಕ್ಕದು. ಇನ್ನೊಂದು ಕಡೆ ಅಂಥದ್ದೇ ಇನ್ನೊಂದು. ಉಗುರಿನ ತುದಿಯಿಂದ ತೆಗೆದು ಒತ್ತಿದೆ, ಪುಡಿಯಾಯಿತು. ಬೆರಳು ಮೂಸಿದೆ.

ಲವಂಗದ ತಲೆ. ಮೊಗ್ಗಿನ ನಾಲ್ಕು ಹಲ್ಲಿನ ನಡುವೆ ಕೂತಿರುವ ಗುಂಡು. ನೆನೆದಾಗ ಸುಲಭಕ್ಕೆ ಉದುರಿಹೋಗುತ್ತದೆ. ಲವಂಗವನ್ನು ಜಾಡಿಗೆ ಹಾಕಿ, ಆಮೇಲೆ ಚಮಚದಿಂದ ಎತ್ತಿ ತೆಗೆದವರಿಗೆ ಕಡ್ಡಿ ಸಿಗುತ್ತದೆ, ಉದುರಿದ ತಲೆ ಸಿಗುವುದಿಲ್ಲ. ಅದು ಹಣ್ಣಿನಡಿ ಕೂತಿರುತ್ತದೆ.

"ದೆವ್ವ ಲವಂಗ ತಂದು ಹಾಕಲ್ಲ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಹೊಸಮ್ಮ ಬಹಳ ಹೊತ್ತು ಬಟ್ಟೆ ನೋಡಿದಳು. ಅವಳ ಮುಖದಲ್ಲಿ ಮೊದಲು ಹೆದರಿಕೆ ಹೋಯಿತು. ಅದು ಹೋದ ಜಾಗದಲ್ಲಿ ಬಂದದ್ದು ನಿರಾಳವಲ್ಲ. ಮೆಟ್ಟಿಲ ತಲೆಗೆ ಹೋಗಿ ಕರೆದಳು, "ರೀ, ಸ್ವಲ್ಪ ಮೇಲೆ ಬನ್ನಿ."

ಭಾವ ಬಂದ. ಮೇಜಿನ ಮೇಲೆ ಹರಡಿದ್ದ ಬಟ್ಟೆ, ಅದರ ಮೇಲಿದ್ದ ಗುಂಡು ಕಂಡ. ಕೇಳುವ ಅಗತ್ಯವೇ ಬೀಳಲಿಲ್ಲ. ಕುರ್ಚಿ ಎಳೆದು ಕೂತ.

"ಮೊದಲೆಲ್ಲ ನಾನು ಹಾಕ್ತಿರಲಿಲ್ಲ," ಅಂದ. "ಆಣೆ. ಬಳೆ ಬದಲಾಯಿಸಿದ ಮೇಲೇ."

"ಯಾಕೆ?" ಅಂದೆ ನಾನು.

"ನೀನು ಬದಲಾಯಿಸಿ ಹೋದೆ. ಮಾರನೇ ದಿನ ಬಾಟಲಿ ತೆಗೆದ್ರೆ ಏನೂ ಇಲ್ಲ. ಅವಳು ಸತ್ತ ದಿನ ನನಗೆ ಅಷ್ಟಾಗಿರಲಿಲ್ಲ ನೋಡು. ವಾಸನೆ ಇತ್ತಲ್ಲ, ಅದಕ್ಕೇ. ಅದು ಹೋದಾಗ... ರಾತ್ರಿ ಇವಳು ಮಲಗಿದ ಮೇಲೆ ಒಂದು ಹಿಡಿ ಲವಂಗ ಹಾಕಿ, ಮೂರ್ನಾಲ್ಕು ದಿನ ಬಿಟ್ಟು ತೆಗೀತಿದ್ದೆ."

"ಒಂದು ಹಿಡಿನಾ?" ಅಂದಳು ಹೊಸಮ್ಮ. ಸೋಸಿದ ರಮ್ಮನ್ನು ಒಂದು ಚಿಕ್ಕ ಗ್ಲಾಸಿಗೆ ಬಗ್ಗಿಸಿ ಅವನ ಮುಂದಿಟ್ಟಳು. "ಕುಡೀರಿ."

ಕುಡಿದ. ಮುಖ ಕಿವುಚಿದ.

"ಹೇಗಿದೆ?"

"ಹಲ್ಲಿನ ಡಾಕ್ಟ್ರು ಹಚ್ಚೋ ಔಷಧಿ ಥರ ಇದೆ."

"ಅವರದ್ದು ಹೀಗಿತ್ತಾ?"

ಭಾವ ತಲೆ ಅಲ್ಲಾಡಿಸಿದ. ಅವನು ಒಮ್ಮೆಯೂ ಅಕ್ಕ ಮಾಡುವುದನ್ನು ನಿಂತು ನೋಡಿದವನಲ್ಲ. ಲವಂಗ ಅವಸರದ್ದು, ಬೆರಳೆಣಿಕೆಯಷ್ಟು ಸಾಕು, ಒಂದು ದಿನ ಇಟ್ಟು ತೆಗೆದುಬಿಡಬೇಕು, ಕಿತ್ತಳೆ ಸಿಪ್ಪೆ ಮಾತ್ರ ಉಳಿಯಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಕುಡಿದವನು ಅವನು, ಮಾಡಿದವಳು ಅವಳು.

"ನನ್ನ ಪ್ಲಮ್ಮು ಹಾಳಾಯ್ತು," ಅಂದಳು ಹೊಸಮ್ಮ. "ಅವರದ್ದೂ ಆಗಲಿಲ್ಲ. ಇದು ಯಾರದ್ದು ಈಗ?"

ಅವಳು ಸಿಂಕಿನ ಬಳಿ ಹೋಗಿ ಬಾಟಲಿ ಬಗ್ಗಿಸಿದಳು. ಕೆಂಪು ರಮ್ಮು ಗುಳುಗುಳು ಅಂತ ಇಳಿದುಹೋಯಿತು. ಜಾಡಿ ತೊಳೆದು ಬೋರಲು ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕಾ, ಅವರ ಬಾಟಲಿ ಮಾಡೋದು ನಿಮಗೆ ಬರುತ್ತೆ ತಾನೇ?"

"ಬರುತ್ತೆ."

"ಮಾಡಿ. ನಿಮ್ಮ ಮನೇಲಿ ಮಾಡಿ, ನಿಮ್ಮ ಮನೇಲೇ ಇಟ್ಕೊಳ್ಳಿ. ಇವರಿಗೆ ಅವರನ್ನ ನೋಡಬೇಕು ಅನ್ನಿಸಿದಾಗ ನಿಮ್ಮಲ್ಲಿಗೆ ಬರಲಿ. ನಾನು ಬೇಡ ಅನ್ನಲ್ಲ, ಎಲ್ಲಿಗೆ ಹೋಗಿದ್ರಿ ಅಂತಲೂ ಕೇಳಲ್ಲ. ಆದ್ರೆ ನನ್ನ ಜಾಡಿಯೊಳಗೆ ಬೇಡ." ಗಂಡನ ಕಡೆ ನೋಡಿದಳು. "ಇದಕ್ಕೆ ಒಪ್ಪಿದ್ರೆ ಆ ಗಂಟು ಬಿಚ್ತೀನಿ. ಇಲ್ಲಾಂದ್ರೆ ಈಗಲೇ ಆಟೋ ಕರೀರಿ."

ಭಾವ ಎದ್ದ. ಗಂಟಿನ ಹತ್ತಿರ ಹೋಗಿ ಬಗ್ಗಿ ಬಿಚ್ಚಲು ನೋಡಿದ. ಹೊಲಿಗೆಯವಳ ಗಂಟು, ಅವನ ಕೈಗೆ ಬಗ್ಗಲಿಲ್ಲ. "ಬಿಡಿ ಅತ್ಲಾಗೆ," ಅಂತ ಅವಳೇ ಬಂದು ಬಿಚ್ಚಿದಳು.

ನಾನು ಮನೆಗೆ ಬಂದು ಮಾಡಿದೆ. ಅಕ್ಕನ ಕೈ ಹೇಗೆ ಆಡುತ್ತಿತ್ತೋ ಹಾಗೇ. ಲವಂಗ ತೆಗೆಯುವ ಗಳಿಗೆಯಲ್ಲಿ ಮೂಗು ತಾನಾಗಿ ಹೇಳಿತು. ಸಿಪ್ಪೆ ತನ್ನ ಕಾಲ ಮುಗಿಸಿದ ಮೇಲೆ ಜರಡಿ, ಬಟ್ಟೆ, ಕಾಗದ. ಸೋಸಿ, ಬಣ್ಣದ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಒತ್ತಿ, ಕತ್ತಲೆಯ ಕಪಾಟಿನಲ್ಲಿಟ್ಟೆ. ಆ ಮಟ್ಟದ ಸ್ಪಿರಿಟ್ಟಿನಲ್ಲಿ ಹಾಳಾಗುವಂಥದ್ದೇನೂ ಇಲ್ಲ. ವರ್ಷಗಟ್ಟಲೆ ಇರುತ್ತದೆ.

ಭಾವ ಒಂದು ಮಧ್ಯಾಹ್ನ ಬಂದ. ಬಾಟಲಿ ತೆರೆದು ಗ್ಲಾಸಿಗೆ ಎರಡು ಚಮಚದಷ್ಟು ಬಗ್ಗಿಸಿ ಕೊಟ್ಟೆ. ಮೂಸಿದ, ಕುಡಿದ, ಮತ್ತೆ ಮೂಸಿದ.

"ಚೆನ್ನಾಗಿದೆ," ಅಂದ. ಗ್ಲಾಸು ಕೆಳಗಿಟ್ಟು, "ಅವಳದ್ದಲ್ಲ," ಅಂದ.

"ಅದೇ ಭಾವ. ಹಾಗೇ ಮಾಡಿದೀನಿ."

"ಇರಬಹುದು." ಅವನ ಮುಖದಲ್ಲಿ ನಾನು ನಿರೀಕ್ಷಿಸಿದ ದುಃಖ ಇರಲಿಲ್ಲ. ಯಾವುದೋ ಭಾರ ಇಳಿದವನ ಹಾಗೆ ಕೂತಿದ್ದ. "ನನಗೆ ಗೊತ್ತಾಗ್ತಿಲ್ಲ ಕಣಮ್ಮ. ಜಾಸ್ತಿ ಹಾಕಿ ಹಾಕಿ ನನ್ನ ನಾಲಿಗೆಯಿಂದ ಅವಳನ್ನ ನಾನೇ ಓಡಿಸಿದೆನೋ ಏನೋ. ಹೋಗ್ತೀನಿ, ಇವತ್ತು ಇವಳು ಚಹಾ ಜಿನ್ನು ಇಟ್ಟಿದ್ದಾಳೆ, ತಡ ಆದ್ರೆ ಒಗರು ಬರುತ್ತೆ ಅಂತ ಬೈತಾಳೆ."

ಆಮೇಲೆ ಅವನು ಬರಲಿಲ್ಲ. ಬಾರಿನಲ್ಲಿ ಮತ್ತೆ ಮಾಡಿದ ಪ್ಲಮ್ ರಮ್ಮು ಹೊಸಮ್ಮನ ಹೆಸರಲ್ಲೇ ಓಡುತ್ತಿದೆ. ಮೇಷ್ಟ್ರು ಅದಕ್ಕೂ ಏನೋ ಕೊಂಕು ತೆಗೆದು, ಇನ್ನೊಂದು ಗ್ಲಾಸು ಕೇಳಿದರಂತೆ.

ಬಾಟಲಿ ನನ್ನ ಕಪಾಟಿನಲ್ಲೇ ಇದೆ. ಅದು ಅಕ್ಕನದ್ದೇ. ಅದನ್ನು ಗುರುತಿಸುವ ಮೂಗು ಈಗ ಮನೆಯವರಲ್ಲಿ ಉಳಿದಿರುವುದು ನನ್ನದೊಂದೇ. ಬಿರಡೆ ಬಿಗಿಯಾಗಿದೆ, ಮೇಲೆ ಮೇಣವನ್ನೂ ಹಚ್ಚಿದ್ದೇನೆ, ವಾಸನೆ ಹೊರಬರುವುದಕ್ಕೆ ದಾರಿಯಿಲ್ಲ. ಆದರೂ ಕೆಲಸ ಮುಗಿಸಿ ಬಂದು ಬೀಗ ತೆಗೆದ ಕೂಡಲೇ, ಚಪ್ಪಲಿ ಬಿಡುವ ಮೊದಲು, ನಾನು ಒಳಗಿನ ಕತ್ತಲಿಗೆ ಮೆಲ್ಲಗೆ ಹೇಳುತ್ತೇನೆ: "ಬಂದೆ ಕಣೇ."